ಬಂದರಿನಿಂದ ಹೊರಟ ಸರಕು ಕುಂದಾಪುರ ತಲುಪುವ ತನಕ ಯಾರ ಲೆಕ್ಕದಲ್ಲಿರಬೇಕು?

ಮಂಗಳೂರಿನ ಬಂದರಿನಲ್ಲಿ ಗೋದಾಮು, ಉಡುಪಿ ಮತ್ತು ಕುಂದಾಪುರದಲ್ಲಿ ಒಂದೊಂದು ಅಂಗಡಿ ಇಟ್ಟುಕೊಂಡಿರುವ ವ್ಯಾಪಾರಿಗಳಿಗೆ ಸಾಗಣೆಯಲ್ಲಿರುವ ಸರಕಿಗೆ ಪ್ರತ್ಯೇಕ ಲೆಕ್ಕ ಇಡಿ ಎಂದರೆ, ಸಾಮಾನ್ಯವಾಗಿ ಒಂದೇ ಉತ್ತರ ಬರುತ್ತದೆ: ಬೆಳಿಗ್ಗೆ ಹೊರಟ ಟೆಂಪೊ ಮಧ್ಯಾಹ್ನದ ಊಟದ ಹೊತ್ತಿಗೆ ಮುಟ್ಟಿರುತ್ತದೆ, ಅದಕ್ಕೇಕೆ ಲೆಕ್ಕ? ದೂರದ ಮಟ್ಟಿಗೆ ಅವರ ಮಾತು ಸರಿಯೇ. ಆದರೆ ಲೆಕ್ಕದ ಪುಸ್ತಕದಲ್ಲಿ ‘ದಾರಿ’ ಎನ್ನುವುದು ರಾಷ್ಟ್ರೀಯ ಹೆದ್ದಾರಿ 66ರ ಕಿಲೋಮೀಟರುಗಳಲ್ಲ. ಕಳುಹಿಸಿದವರು ತಮ್ಮ ಪುಸ್ತಕದಲ್ಲಿ ಸರಕನ್ನು ಕಡಿಮೆ ಮಾಡಿದ ಕ್ಷಣಕ್ಕೂ ಪಡೆದವರು ತಮ್ಮ ಪುಸ್ತಕದಲ್ಲಿ ಅದನ್ನು ಸೇರಿಸಿದ ಕ್ಷಣಕ್ಕೂ ನಡುವೆ ಇರುವ ಹೊತ್ತೇ ದಾರಿ. ಸರಕು ಸಂಜೆ ಆರಕ್ಕೆ ಉಡುಪಿಯ ಅಂಗಡಿಯ ನೆಲದ ಮೇಲೆ ಇಳಿದಿದ್ದರೂ ಕಂಪ್ಯೂಟರಿನಲ್ಲಿ ದಾಖಲಿಸುವವರು ಮನೆಗೆ ಹೋಗಿದ್ದರೆ, ಆ ಸರಕು ಮರುದಿನ ಬೆಳಿಗ್ಗೆಯವರೆಗೂ ಪುಸ್ತಕದ ಪ್ರಕಾರ ದಾರಿಯಲ್ಲೇ ಇರುತ್ತದೆ. ಆ ರಾತ್ರಿ ಮಾರ್ಚ್ 31ರ ರಾತ್ರಿಯಾಗಿದ್ದರೆ ಇಡೀ ವರ್ಷದ ಲಾಭ ಅಷ್ಟರ ಮಟ್ಟಿಗೆ ತಪ್ಪಾಗುತ್ತದೆ.

ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಒಂದೇ ಸಂಗತಿಯ ಬಗ್ಗೆ. ಒಂದೇ ಜಿಎಸ್‌ಟಿ ನೋಂದಣಿಯಡಿ ಇರುವ ಶಾಖೆಗಳ ನಡುವೆ ವರ್ಷಾಂತ್ಯದ ಹೊತ್ತಿಗೆ ಹೊರಟು ಇನ್ನೂ ದಾಖಲಾಗದ ಸರಕನ್ನು, ಅದು ಕಳೆದುಹೋಗದಂತೆ ಮತ್ತು ಎರಡು ಸಲ ಎಣಿಕೆಯಾಗದಂತೆ, ಹೇಗೆ ಹಿಡಿದಿಡಬೇಕು ಎಂಬುದು. ಬೇರೆ ರಾಜ್ಯದ ಶಾಖೆಯ ವಿಷಯವನ್ನು ಕೊನೆಯಲ್ಲಿ ಸ್ವಲ್ಪ ಮಾತ್ರ ಮುಟ್ಟುತ್ತೇನೆ.

ದಾರಿಗೂ ಒಂದು ಗೋದಾಮು

ಮೊದಲು ಮಾಡಬೇಕಾದ ಕೆಲಸವೆಂದರೆ ದಾರಿಯನ್ನೇ ಒಂದು ಗೋದಾಮು ಎಂದು ಪುಸ್ತಕದಲ್ಲಿ ತೆರೆಯುವುದು. ಅದಕ್ಕೆ ಗೋಡೆ, ಬೀಗ ಇರುವುದಿಲ್ಲ; ಹೆಸರು ಮಾತ್ರ ಇರುತ್ತದೆ. ಸರಕು ಮಂಗಳೂರಿನಿಂದ ಹೊರಟಾಗ ಮಂಗಳೂರಿನ ಗೋದಾಮಿನಿಂದ ಈ ದಾರಿ-ಗೋದಾಮಿಗೆ ಹೋಗುತ್ತದೆ, ಉಡುಪಿಯಲ್ಲಿ ಎಣಿಸಿ ಇಳಿಸಿಕೊಂಡಾಗ ದಾರಿ-ಗೋದಾಮಿನಿಂದ ಉಡುಪಿಗೆ ಹೋಗುತ್ತದೆ. ಕಳುಹಿಸುವವರು ನೇರವಾಗಿ ಉಡುಪಿಯ ದಾಸ್ತಾನಿಗೆ ಸೇರಿಸುವ ಅಧಿಕಾರವನ್ನೇ ಇಟ್ಟುಕೊಳ್ಳಬಾರದು. ಹಾಗೆ ಮಾಡಿದರೆ ಸರಕು ಹೊರಟ ಕ್ಷಣದಲ್ಲೇ ಉಡುಪಿಗೆ ತಲುಪಿತು ಎಂದು ಪುಸ್ತಕ ಹೇಳುತ್ತದೆ, ಮತ್ತು ಉಡುಪಿಯವರು ತಾವು ನೋಡದೇ ಇದ್ದ ಸರಕಿಗೆ ಹೊಣೆಗಾರರಾಗುತ್ತಾರೆ.

ಟ್ಯಾಲಿ ಬಳಸುವವರು `Godown` ಅಡಿಯಲ್ಲಿ ತಲುಪಬೇಕಾದ ಒಂದೊಂದು ಊರಿಗೂ ಪ್ರತ್ಯೇಕ ದಾರಿ-ಗೋದಾಮು ತೆರೆಯುವುದು ಒಳ್ಳೆಯದು. ‘ದಾರಿ ಉಡುಪಿ’, ‘ದಾರಿ ಕುಂದಾಪುರ’ ಎಂಬಂತೆ. ಎಲ್ಲಕ್ಕೂ ಸೇರಿ ಒಂದೇ ಇಟ್ಟರೆ, ಉಳಿದಿರುವ ಸರಕು ಯಾರಿಗೆ ಹೋಗಬೇಕಾದದ್ದು ಎಂದು ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಎರಡೂ ದಾಖಲೆಗಳಿಗೆ `Stock Journal` ವೋಚರ್ ಸಾಕು (`Alt+F7`). ಹೊರಡುವಾಗ ಎಡಬದಿಯಲ್ಲಿ ಮಂಗಳೂರು, ಬಲಬದಿಯಲ್ಲಿ ದಾರಿ. ತಲುಪಿದಾಗ ಎಡಬದಿಯಲ್ಲಿ ದಾರಿ, ಬಲಬದಿಯಲ್ಲಿ ಶಾಖೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಲಬದಿಯಲ್ಲಿ ದರವನ್ನು ಕೈಯಿಂದ ತಿದ್ದಲು ಸಾಧ್ಯವಿರುವುದರಿಂದ, ಯಾರಾದರೂ ಅಸಲಿನ ಬದಲು ಮಾರಾಟದ ದರವನ್ನು ಹಾಕಿಬಿಟ್ಟರೆ ಏನೂ ಮಾರದೆಯೇ ದಾಸ್ತಾನಿನ ಮೌಲ್ಯ ಏರಿ, ಇಲ್ಲದ ಲಾಭ ಕಾಣಿಸಿಕೊಳ್ಳುತ್ತದೆ. ಎರಡೂ ಬದಿಯ ಮೌಲ್ಯ ಒಂದೇ ಇದೆಯೇ ಎಂದು ನೋಡಿಯೇ ವೋಚರನ್ನು ಉಳಿಸಬೇಕು.

ಪ್ರತಿಯೊಂದು ದಾಖಲೆಯನ್ನೂ ಡೆಲಿವರಿ ಚಲನ್‌ನ ಸಂಖ್ಯೆಗೆ ಕಟ್ಟಬೇಕು. ಒಂದೇ ನೋಂದಣಿಯಡಿಯ ಶಾಖೆಗಳ ನಡುವಿನ ಸಾಗಣೆ ಜಿಎಸ್‌ಟಿಯ ಪ್ರಕಾರ ಮಾರಾಟವಲ್ಲದ ಕಾರಣ ಅಲ್ಲಿ ತೆರಿಗೆ ಇನ್‌ವಾಯ್ಸ್ ಬರುವುದಿಲ್ಲ. ಸಿಜಿಎಸ್‌ಟಿ ನಿಯಮ 55ರಂತೆ ಮೂರು ಪ್ರತಿಗಳ ಡೆಲಿವರಿ ಚಲನ್ ಬರುತ್ತದೆ. ಮೂಲ ಪ್ರತಿ ಪಡೆಯುವವರಿಗೆ, ಎರಡನೆಯದು ಸಾಗಿಸುವವರಿಗೆ, ಮೂರನೆಯದು ಕಳುಹಿಸುವವರಿಗೆ. ಸರಕಿನ ಮೌಲ್ಯ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಕೂಡ ಬೇಕು. ಆದರೆ ಇ-ವೇ ಬಿಲ್ ಇದೆ ಎಂದ ಮಾತ್ರಕ್ಕೆ ಸರಕು ತಲುಪಿತು ಎಂದಾಗುವುದಿಲ್ಲ, ಬಿಲ್ ತಯಾರಾದ ಹೊತ್ತಿಗೇ ಟೆಂಪೊ ಹೊರಟಿತು ಎಂದೂ ಆಗುವುದಿಲ್ಲ. ಲೆಕ್ಕಕ್ಕೆ ಬೇಕಾದ ಸಾಕ್ಷಿ ಚಲನ್‌ನ ಮೇಲೆ ಇರುವ ಎರಡು ಬರಹಗಳು: ಗೋದಾಮಿನಲ್ಲಿ ತುಂಬಿಸಿದವರು ಬರೆದ ಸಮಯ ಮತ್ತು ಸಂಖ್ಯೆ, ಶಾಖೆಯಲ್ಲಿ ಇಳಿಸಿಕೊಂಡವರು ಬರೆದ ಸಮಯ ಮತ್ತು ಸಂಖ್ಯೆ. ನನ್ನ ಅನುಭವದಲ್ಲಿ, ಇಳಿಸಿಕೊಂಡವರಿಗೆ ಚಲನ್ ತೋರಿಸದೆ ಮೊದಲು ಎಣಿಸಲು ಹೇಳಿ, ಅವರು ಬರೆದ ಮೇಲೆ ಚಲನ್‌ನೊಂದಿಗೆ ಹೋಲಿಸುವ ಕ್ರಮದಿಂದ ವ್ಯತ್ಯಾಸಗಳು ಅಲ್ಲಿಯೇ ಸಿಗುತ್ತವೆ. 30 ಎಂದು ಬರೆದ ಕಾಗದ ಮುಂದೆ ಇದ್ದರೆ ಕಣ್ಣಿಗೆ 29 ಪೆಟ್ಟಿಗೆಗಳೂ 30ರಂತೆ ಕಾಣುತ್ತವೆ.

ಎಣಿಕೆಯ ರಾತ್ರಿ

ಮಾರ್ಚ್ 31ರ ಎಣಿಕೆಗೆ ಮೊದಲು ಮೂರೂ ಕಡೆಯವರು ಒಂದೊಂದು ಹಾಳೆಯಲ್ಲಿ ತಮ್ಮ ಕೊನೆಯ ಹೊರಹೋಗುವ ಚಲನ್‌ನ ಸಂಖ್ಯೆಯನ್ನೂ ಕೊನೆಯದಾಗಿ ಇಳಿಸಿಕೊಂಡ ಚಲನ್‌ನ ಸಂಖ್ಯೆಯನ್ನೂ ಬರೆದು ಸಹಿ ಹಾಕಬೇಕು. ಎಣಿಕೆ ಶುರುವಾದ ಮೇಲೆ ಮುಗಿಯುವ ತನಕ ಏನನ್ನೂ ಕಳುಹಿಸಬಾರದು. ಬಂದ ಸರಕನ್ನು ಇಳಿಸಿಕೊಳ್ಳಲೇಬೇಕಾದರೆ ಅದನ್ನು ಬೇರೆ ಮೂಲೆಯಲ್ಲಿಟ್ಟು ಚಲನ್ ಸಂಖ್ಯೆಯ ಚೀಟಿ ಅಂಟಿಸಬೇಕು.

ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟುವುದು ಗೋದಾಮಿನ ಅಂಗಳದಲ್ಲಿ ತುಂಬಿ ನಿಂತಿರುವ ಟೆಂಪೊದಿಂದ. ಚಲನ್ ಆಗಿದೆ, ಸರಕು ಗೋದಾಮಿನಿಂದ ಕಡಿಮೆಯಾಗಿದೆ, ಆದರೆ ವಾಹನ ಹೊರಡುವುದು ಮರುದಿನ ಬೆಳಿಗ್ಗೆ. ಎಣಿಸುವವರು ಕಣ್ಣೆದುರು ಇರುವ ಪೆಟ್ಟಿಗೆಗಳನ್ನೂ ಸೇರಿಸಿ ಎಣಿಸುತ್ತಾರೆ, ಲೆಕ್ಕಿಗರು ಅದೇ ಪೆಟ್ಟಿಗೆಗಳನ್ನು ಸಾಗಣೆಯ ಪಟ್ಟಿಯಲ್ಲೂ ಬರೆಯುತ್ತಾರೆ. ಇದಕ್ಕೆ ನಾನು ಅನುಸರಿಸುವ ನಿಯಮ ಇಷ್ಟೇ: ಚಲನ್ ಚಾಲಕರ ಕೈಗೆ ಹೋದ ಮೇಲೆ ಸರಕು ದಾರಿಯದ್ದು, ವಾಹನ ಎಲ್ಲೇ ನಿಂತಿರಲಿ. ಚಲನ್ ಇನ್ನೂ ಮೇಜಿನ ಮೇಲಿದ್ದರೆ ಸರಕು ಗೋದಾಮಿನದ್ದು, ಅದು ವಾಹನದೊಳಗೇ ಇದ್ದರೂ. ಯಾವ ನಿಯಮವನ್ನು ಆರಿಸಿಕೊಂಡರೂ ಪರವಾಗಿಲ್ಲ. ಎಣಿಸುವವರಿಗೂ ಲೆಕ್ಕಿಗರಿಗೂ ಅದು ಒಂದೇ ಆಗಿರಬೇಕು, ಮತ್ತು ಎಣಿಕೆಗೆ ಮೊದಲೇ ಬರವಣಿಗೆಯಲ್ಲಿ ಅವರ ಕೈಯಲ್ಲಿರಬೇಕು.

ಶಾಖೆಯಿಂದ ಮಂಗಳೂರಿಗೆ ಹಿಂದಿರುಗುವ ಸರಕಿನ ವಿಷಯದಲ್ಲಿ ಜನ ಇನ್ನೂ ಸಡಿಲವಾಗಿರುತ್ತಾರೆ. ರಿಪೇರಿಗೆಂದು, ಬದಲಾವಣೆಗೆಂದು ಖಾಲಿ ಟೆಂಪೊದಲ್ಲಿ ಹಾಕಿ ಕಳುಹಿಸಿದ ನಾಲ್ಕೈದು ಪೆಟ್ಟಿಗೆಗಳಿಗೂ ಚಲನ್ ಬೇಕು, ಅವೂ ದಾರಿ-ಗೋದಾಮಿನ ಮೂಲಕವೇ ಹೋಗಬೇಕು.

ಒಂದು ಲೆಕ್ಕ, ಕೊನೆಯ ತನಕ

ವಿದ್ಯುತ್ ಸಾಮಗ್ರಿಯ ಒಂದು ವ್ಯಾಪಾರವನ್ನು ಕಲ್ಪಿಸಿಕೊಳ್ಳೋಣ. ಬೇಸಿಗೆಯ ಮಾರಾಟಕ್ಕೆಂದು ಮಾರ್ಚ್ ಕೊನೆಯಲ್ಲಿ ಸೀಲಿಂಗ್ ಫ್ಯಾನುಗಳು ಶಾಖೆಗಳಿಗೆ ಹೋಗುತ್ತಿವೆ. ಅಸಲು ಒಂದಕ್ಕೆ 1,500 ರೂಪಾಯಿ. ಮಾರ್ಚ್ 30ರ ಬೆಳಿಗ್ಗೆ ಮಂಗಳೂರಿನಲ್ಲಿ 240, ಉಡುಪಿಯಲ್ಲಿ 60, ಕುಂದಾಪುರದಲ್ಲಿ 40, ಒಟ್ಟು 340 ಫ್ಯಾನುಗಳಿವೆ. ಲೆಕ್ಕ ಸುಲಭವಾಗಲೆಂದು ಆ ಎರಡು ದಿನ ಖರೀದಿ, ಮಾರಾಟ ಎರಡೂ ಇಲ್ಲವೆಂದುಕೊಳ್ಳೋಣ.

ಮಾರ್ಚ್ 30ರಂದು ಚಲನ್ 118ರಲ್ಲಿ 40 ಫ್ಯಾನುಗಳು ಉಡುಪಿಗೆ ಹೊರಟವು. ಮೌಲ್ಯ 60,000 ರೂಪಾಯಿಯಾದ್ದರಿಂದ ಇ-ವೇ ಬಿಲ್ ಕೂಡ ಆಯಿತು. ವಾಹನ ಬೇರೆ ಕೆಲಸ ಮುಗಿಸಿಕೊಂಡು ಹೋದ ಕಾರಣ ಸರಕು ಅಂಗಡಿಯಲ್ಲಿ ಇಳಿದದ್ದು ಮಾರ್ಚ್ 31ರ ಸಂಜೆ. ಕಂಪ್ಯೂಟರಿನಲ್ಲಿ ದಾಖಲಾದದ್ದು ಏಪ್ರಿಲ್ 1ರ ಬೆಳಿಗ್ಗೆ. ಮಾರ್ಚ್ 31ರ ಸಂಜೆ ಚಲನ್ 121ರಲ್ಲಿ 30 ಫ್ಯಾನುಗಳು ಕುಂದಾಪುರಕ್ಕೆ ಹೊರಟವು. ಆ ಟೆಂಪೊ ರಾತ್ರಿ ಉಡುಪಿಯಲ್ಲಿ ತಂಗಿ ಏಪ್ರಿಲ್ 1ರಂದು ಕುಂದಾಪುರ ತಲುಪಿತು. ಅಲ್ಲಿ ಎಣಿಸಿದಾಗ ಸಿಕ್ಕಿದ್ದು 29.

ಮಾರ್ಚ್ 31ರ ರಾತ್ರಿಯ ಎಣಿಕೆಯಲ್ಲಿ ಮಂಗಳೂರಿನಲ್ಲಿ 171, ಉಡುಪಿಯಲ್ಲಿ 100, ಕುಂದಾಪುರದಲ್ಲಿ 40 ಸಿಕ್ಕಿದವು. ಕೂಡಿದರೆ 311. ಇಷ್ಟನ್ನೇ ವರ್ಷಾಂತ್ಯದ ದಾಸ್ತಾನು ಎಂದು ತೆಗೆದುಕೊಂಡರೆ ಮೌಲ್ಯ 4,66,500 ರೂಪಾಯಿ, ಮತ್ತು ಟೆಂಪೊದಲ್ಲಿ ಮಲಗಿದ್ದ 29 ಫ್ಯಾನುಗಳ 43,500 ರೂಪಾಯಿ ಲೆಕ್ಕದಿಂದಲೇ ಕಾಣೆ. ಇದು ಸರಕು ಕಳೆದುಹೋಗುವ ತಪ್ಪು. ಹೀಗಾದಾಗ ಲಾಭ ಅಷ್ಟು ಕಡಿಮೆ ತೋರುತ್ತದೆ, ಏಪ್ರಿಲ್‌ನಲ್ಲಿ ಕುಂದಾಪುರದಲ್ಲಿ ಎಲ್ಲಿಂದಲೋ ಬಂದಂತೆ ಸರಕು ಕಾಣಿಸಿಕೊಳ್ಳುತ್ತದೆ.

ಈ ತಪ್ಪನ್ನು ತಿಳಿದ ಲೆಕ್ಕಿಗರು ಮುಂದಿನ ವರ್ಷ ಎದುರಿನ ತಪ್ಪನ್ನು ಮಾಡುತ್ತಾರೆ. ಮುಖ್ಯ ಕಚೇರಿಯಲ್ಲಿ ಕುಳಿತು, ಶಾಖೆಗಳು ಇನ್ನೂ ದಾಖಲಿಸಿಕೊಳ್ಳದ ಚಲನ್‌ಗಳು ಯಾವುವು ಎಂದು ನೋಡಿದರೆ 118 ಮತ್ತು 121 ಎರಡೂ ಸಿಗುತ್ತವೆ. 40 ಮತ್ತು 30 ಸೇರಿ 70 ಫ್ಯಾನುಗಳು ಸಾಗಣೆಯಲ್ಲಿವೆ ಎಂದು ಬರೆದು 311ಕ್ಕೆ ಕೂಡಿಸಿದರೆ 381 ಆಗುತ್ತದೆ, ಮೌಲ್ಯ 5,71,500. ವ್ಯಾಪಾರದಲ್ಲಿ ಇರುವುದೇ 340 ಫ್ಯಾನುಗಳು. 41 ಎಲ್ಲಿಂದ ಬಂದವು? ಉಡುಪಿಯ ನೆಲದ ಮೇಲೆ ಎಣಿಸಿದ 40 ಫ್ಯಾನುಗಳೇ ಪಟ್ಟಿಯಲ್ಲಿ ಮತ್ತೊಮ್ಮೆ ಬಂದವು. ಇನ್ನೊಂದು ಫ್ಯಾನಿನ ಕತೆಗೆ ಈಗ ಬರುತ್ತೇನೆ.

ದಾರಿ-ಗೋದಾಮು ಇದ್ದಿದ್ದರೆ ಪುಸ್ತಕ ಆ ರಾತ್ರಿ ಹೀಗೆ ಹೇಳುತ್ತಿತ್ತು: ಮಂಗಳೂರು 170, ದಾರಿ ಉಡುಪಿ 40, ದಾರಿ ಕುಂದಾಪುರ 30, ಉಡುಪಿ 60, ಕುಂದಾಪುರ 40. ಕೂಡಿದರೆ 340. ಯಾವ ದಾಖಲೆ ತಡವಾಗಲಿ, ಬೇಗವಾಗಲಿ, ಈ ಮೊತ್ತ ಅಲುಗಾಡುವುದಿಲ್ಲ. ಸರಕು ಒಂದು ಹೆಸರಿನಡಿಯಿಂದ ಇನ್ನೊಂದರಡಿಗೆ ಹೋಗುತ್ತದೆ ಅಷ್ಟೆ. ಈಗ ಇದನ್ನು ಎಣಿಕೆಯೊಂದಿಗೆ ಒಂದೊಂದಾಗಿ ಹೋಲಿಸಬೇಕು. ಉಡುಪಿಯಲ್ಲಿ ಪುಸ್ತಕಕ್ಕಿಂತ 40 ಹೆಚ್ಚು ಸಿಕ್ಕಿದೆ, ದಾರಿ ಉಡುಪಿಯಲ್ಲಿ ಸರಿಯಾಗಿ 40 ಉಳಿದಿದೆ. ಚಲನ್‌ನ ಮೇಲೆ ಇಳಿಸಿಕೊಂಡ ಸಮಯ ಮಾರ್ಚ್ 31ರ ಸಂಜೆ ಎಂದಿದೆ. ಹಾಗಾಗಿ ಉಡುಪಿಯ ದಾಖಲೆಯ ದಿನಾಂಕವನ್ನು ಏಪ್ರಿಲ್ 1ರಿಂದ ಮಾರ್ಚ್ 31ಕ್ಕೆ ತಿದ್ದಬೇಕು. ದಿನಾಂಕವನ್ನು ನಿರ್ಧರಿಸುವುದು ಸರಕು ಇಳಿದ ಹೊತ್ತೇ ಹೊರತು ಟೈಪ್ ಮಾಡಿದ ಹೊತ್ತಲ್ಲ. ಅಲ್ಲಿಗೆ 118ರ ಕೆಲಸ ಮುಗಿಯಿತು.

ಇನ್ನು ಆ ಒಂದು ಫ್ಯಾನು. ಮಂಗಳೂರಿನಲ್ಲಿ ಪುಸ್ತಕಕ್ಕಿಂತ ಒಂದು ಹೆಚ್ಚು, ಕುಂದಾಪುರಕ್ಕೆ ತಲುಪಿದ್ದರಲ್ಲಿ ಒಂದು ಕಡಿಮೆ. ತುಂಬಿಸುವಾಗ ಒಂದು ಪೆಟ್ಟಿಗೆ ಗೋದಾಮಿನಲ್ಲೇ ಉಳಿದಿದೆ. ಎಣಿಕೆಯ ರಾತ್ರಿ ಮಂಗಳೂರಿನವರು ಅದನ್ನು ‘ಹೆಚ್ಚುವರಿ’ ಎಂದು ಬರೆದು ಮುಚ್ಚಿಬಿಡುವುದು, ಮರುದಿನ ಕುಂದಾಪುರದವರು ‘ಕೊರತೆ’ ಎಂದು ಬರೆದು ಚಾಲಕರನ್ನು ಕೇಳುವುದು ಸಾಮಾನ್ಯವಾಗಿ ನಡೆಯುವ ಕ್ರಮ. ಇಂಥ ಒಂದು ಕೊರತೆಗಾಗಿ ಚಾಲಕರೊಬ್ಬರ ಸಂಬಳದಿಂದ ಹಣ ಹಿಡಿದು, ಎರಡು ತಿಂಗಳ ಬಳಿಕ ಗೋದಾಮಿನ ‘ಹೆಚ್ಚುವರಿ’ ಪಟ್ಟಿಯಲ್ಲಿ ಅದೇ ವಸ್ತು ಸಿಕ್ಕಿದ್ದನ್ನು ನಾನು ಒಂದು ಕಡೆ ಕಣ್ಣಾರೆ ಕಂಡಿದ್ದೇನೆ. ಎರಡು ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ್ದರೆ ಅದೇ ದಿನ ತಿಳಿಯುತ್ತಿತ್ತು, ಅವರಿಗೆ ಆ ಅವಮಾನ ತಪ್ಪುತ್ತಿತ್ತು.

ಆದ್ದರಿಂದ ಒಂದು ಫ್ಯಾನನ್ನು ಮಾರ್ಚ್ 31ರ ದಿನಾಂಕದಲ್ಲೇ ದಾರಿ ಕುಂದಾಪುರದಿಂದ ಮಂಗಳೂರಿಗೆ ಹಿಂದಕ್ಕೆ ತರುವ ದಾಖಲೆ ಮಾಡಬೇಕು, ಏಕೆಂದರೆ ಅದು ಆ ದಿನ ಮಂಗಳೂರಿನಲ್ಲೇ ಇತ್ತು. ಆಗ ಮಂಗಳೂರು 171, ಉಡುಪಿ 100, ಕುಂದಾಪುರ 40, ದಾರಿ ಕುಂದಾಪುರ 29. ಒಟ್ಟು 340, ಮೌಲ್ಯ 5,10,000 ರೂಪಾಯಿ. ಪ್ರತಿ ಸಂಖ್ಯೆಯೂ ಎಣಿಕೆಗೆ ಹೊಂದುತ್ತದೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ದಾರಿಯಲ್ಲಿದ್ದದ್ದು 30 ಅಲ್ಲ, 29 ಎಂಬುದು ಮಾರ್ಚ್ 31ರ ರಾತ್ರಿ ಯಾರಿಗೂ ತಿಳಿದಿರಲು ಸಾಧ್ಯವಿರಲಿಲ್ಲ. ಸಾಗಣೆಯಲ್ಲಿರುವ ಸರಕನ್ನು ಆ ರಾತ್ರಿ ಎಣಿಸಲಾಗದು. ಅದು ತಲುಪಿದ ದಿನ ಎಣಿಸಿ, ಹಿಂದಿನ ರಾತ್ರಿ ಇಷ್ಟಿತ್ತು ಎಂದು ತಿಳಿಯಬೇಕು. ಹಾಗಾಗಿ ಪಟ್ಟಿಯಲ್ಲಿರುವ ಪ್ರತಿ ಚಲನ್‌ನ ಮೂಲ ಪ್ರತಿಯೂ ಇಳಿಸಿಕೊಂಡವರ ಬರಹದೊಂದಿಗೆ ಕೈಸೇರುವ ತನಕ ವರ್ಷಾಂತ್ಯದ ಪಟ್ಟಿಯನ್ನು ಮುಚ್ಚಬಾರದು. ಕರಾವಳಿಯ ಊರುಗಳ ನಡುವೆ ಅದಕ್ಕೆ ಎರಡು ಮೂರು ದಿನ ಸಾಕು.

ಶಾಖೆಯ ಪುಸ್ತಕವೇ ಬೇರೆಯಾಗಿದ್ದರೆ

ಕೆಲವು ಕಡೆ ಪ್ರತಿ ಶಾಖೆಯೂ ತನ್ನದೇ ಪುಸ್ತಕ ಇಡುತ್ತದೆ. ಅಲ್ಲಿ ಮುಖ್ಯ ಕಚೇರಿಯ ಪುಸ್ತಕದಲ್ಲಿ ‘ಕುಂದಾಪುರ ಶಾಖೆ ಖಾತೆ’ ಇರುತ್ತದೆ, ಕುಂದಾಪುರದ ಪುಸ್ತಕದಲ್ಲಿ ‘ಮುಖ್ಯ ಕಚೇರಿ ಖಾತೆ’ ಇರುತ್ತದೆ. ಇವೆರಡೂ ವಸ್ತು ಮತ್ತು ಕನ್ನಡಿಯೊಳಗಿನ ಅದರ ಬಿಂಬದಂತೆ ಒಂದಕ್ಕೊಂದು ಎದುರುಬದುರಾಗಿ ಸಮನಾಗಿರಬೇಕು. ಮಂಗಳೂರಿನಲ್ಲಿ ಚಲನ್ 121ಕ್ಕೆ ಕುಂದಾಪುರ ಶಾಖೆ ಖಾತೆಗೆ 45,000 ಡೆಬಿಟ್ ಆಗಿದೆ, ಕುಂದಾಪುರದಲ್ಲಿ ಮಾರ್ಚ್ 31ಕ್ಕೆ ಏನೂ ಆಗಿಲ್ಲ. ಹಾಗಾಗಿ ಎರಡು ಖಾತೆಗಳ ನಡುವೆ 45,000 ವ್ಯತ್ಯಾಸ.

ಇದನ್ನು ಒಂದೇ ಏಟಿಗೆ ‘ಸಾಗಣೆಯಲ್ಲಿರುವ ಸರಕು’ ಎಂದು ಬರೆದು ಸರಿಪಡಿಸುವ ಅಭ್ಯಾಸವೇ ಎಷ್ಟೋ ತಪ್ಪುಗಳನ್ನು ಮುಚ್ಚಿಡುತ್ತದೆ. ವ್ಯತ್ಯಾಸದಲ್ಲಿ ಶಾಖೆ ಕಟ್ಟಿದ ಆದರೆ ಮುಖ್ಯ ಕಚೇರಿಗೆ ತಿಳಿಯದ ಹಣವೂ ಇರಬಹುದು, ಎರಡು ಸಲ ದಾಖಲಾದ ಚಲನ್ ಇರಬಹುದು, ಅಂಕಿ ತಿರುಗಿ ಬರೆದದ್ದೂ ಇರಬಹುದು. ಚಲನ್‌ಗಳಿಂದ ಮೊತ್ತವನ್ನು ಕಟ್ಟಿಕೊಂಡು ಬರಬೇಕೇ ಹೊರತು, ವ್ಯತ್ಯಾಸದಿಂದ ಹಿಂದಕ್ಕೆ ಹೋಗಿ ಚಲನ್ ಹುಡುಕಬಾರದು. ನಮ್ಮ ಉದಾಹರಣೆಯಲ್ಲಿ ಮೊದಲು ತುಂಬಿಸದೇ ಉಳಿದ ಒಂದು ಫ್ಯಾನಿಗೆ, ಮಂಗಳೂರಿನ ಪುಸ್ತಕದಲ್ಲಿ ‘ಶಾಖೆಗೆ ಕಳುಹಿಸಿದ ಸರಕು’ ಖಾತೆಗೆ 1,500 ಡೆಬಿಟ್ ಮಾಡಿ ಕುಂದಾಪುರ ಶಾಖೆ ಖಾತೆಗೆ ಕ್ರೆಡಿಟ್ ಮಾಡಬೇಕು. ಉಳಿದ 43,500ಕ್ಕೆ ‘ಸಾಗಣೆಯಲ್ಲಿರುವ ಸರಕು’ ಖಾತೆಗೆ ಡೆಬಿಟ್, ಕುಂದಾಪುರ ಶಾಖೆ ಖಾತೆಗೆ ಕ್ರೆಡಿಟ್. ಈಗ ಎರಡೂ ಖಾತೆ ಹೊಂದುತ್ತವೆ, ಮತ್ತು 43,500 ರೂಪಾಯಿ ವ್ಯಾಪಾರದ ಆಸ್ತಿಪಟ್ಟಿಯಲ್ಲಿ ದಾಸ್ತಾನಿನ ಭಾಗವಾಗಿ ನಿಲ್ಲುತ್ತದೆ.

ಈ ದಾಖಲೆಯನ್ನು ಎರಡು ಪುಸ್ತಕಗಳಲ್ಲಿ ಒಂದರಲ್ಲಿ ಮಾತ್ರ ಮಾಡಬೇಕು. ಶಾಖೆಯೂ ತನ್ನ ಪುಸ್ತಕದಲ್ಲಿ ಅದೇ ಸರಕನ್ನು ಸಾಗಣೆಯಲ್ಲಿದೆ ಎಂದು ಬರೆದರೆ, ಎರಡನ್ನೂ ಕೂಡಿಸಿದಾಗ ದಾಸ್ತಾನು ಮತ್ತೆ ದುಪ್ಪಟ್ಟು. ಕಳುಹಿಸಿದವರೇ ಮಾಡುವುದು ಎಂದು ಮೊದಲೇ ನಿಶ್ಚಯಿಸಿಕೊಂಡರೆ ಒಳ್ಳೆಯದೆಂದು ನನ್ನ ಅಭಿಪ್ರಾಯ. ಚಲನ್‌ನ ಪಟ್ಟಿ ಅವರ ಬಳಿ ಇರುತ್ತದೆ. 118ರ 40 ಫ್ಯಾನುಗಳಿಗಾದರೋ ಈ ದಾಖಲೆಯ ಅಗತ್ಯವೇ ಇಲ್ಲ. ಅವು ಮಾರ್ಚ್ 31ರಂದೇ ಉಡುಪಿಯಲ್ಲಿದ್ದುದರಿಂದ ಉಡುಪಿಯವರೇ ಆ ದಿನಾಂಕದಲ್ಲಿ 60,000 ರೂಪಾಯಿಯ ಸರಕನ್ನು ಪಡೆದೆವೆಂದು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳಬೇಕು.

ದಾರಿ ಖಾಲಿಯಾಗದಿದ್ದರೆ

ದಾರಿ-ಗೋದಾಮಿನ ಒಟ್ಟು ಮೊತ್ತವನ್ನು ನೋಡಿ ಸಮಾಧಾನಪಡಬಾರದು. ಚಲನ್ 130ರ ಹತ್ತು ಫ್ಯಾನುಗಳನ್ನು ಶಾಖೆಯವರು ದಾಖಲಿಸಿಲ್ಲ, 131ರ ಹತ್ತನ್ನು ಎರಡು ಸಲ ದಾಖಲಿಸಿದ್ದಾರೆ ಎಂದಾದರೆ ಒಟ್ಟು ಶೂನ್ಯವೇ ಕಾಣುತ್ತದೆ. ಚಲನ್ ಮತ್ತು ವಸ್ತು ಎರಡನ್ನೂ ಹಿಡಿದು ಬಾಕಿ ನೋಡಿದರೆ ಮಾತ್ರ ಒಂದು ಕಡೆ ಹತ್ತು, ಇನ್ನೊಂದು ಕಡೆ ಋಣ ಹತ್ತು ಎಂದು ತಿಳಿಯುತ್ತದೆ. ಇದಕ್ಕೆ ಎಕ್ಸೆಲ್‌ನ ಮೂರು ಹಾಳೆಗಳು ಸಾಕು. `Sent` ಮತ್ತು `Recd` ಎಂಬ ಎರಡು ಹಾಳೆಗಳಲ್ಲಿ ಕ್ರಮವಾಗಿ ಚಲನ್ ಸಂಖ್ಯೆ, ವಸ್ತು, ಎಣಿಕೆ ಎಂಬ ಮೂರು ಕಾಲಂ ಇರಲಿ. ಮೂರನೆಯ ಹಾಳೆಯಲ್ಲಿ ಒಂದೊಂದು ಚಲನ್ ಮತ್ತು ವಸ್ತುವಿನ ಮುಂದೆ ಈ ಸೂತ್ರ ಹಾಕಿದರೆ ಬಾಕಿ ಸಿಗುತ್ತದೆ.

```
=SUMIFS(Sent!C:C,Sent!A:A,A2,Sent!B:B,B2)-SUMIFS(Recd!C:C,Recd!A:A,A2,Recd!B:B,B2)
```

ಬಾಕಿಯ ಪಕ್ಕದಲ್ಲಿ ಎಷ್ಟು ದಿನವಾಯಿತು ಎಂಬುದನ್ನೂ ಇಡಬೇಕು. ಮಂಗಳೂರಿನಿಂದ ಉಡುಪಿಗೆ ಹೊರಟ ಸರಕು ಐದನೆಯ ದಿನವೂ ದಾರಿಯಲ್ಲಿದೆ ಎಂದು ಪುಸ್ತಕ ಹೇಳಿದರೆ, ಅದು ದಾರಿಯಲ್ಲಿಲ್ಲ ಎಂಬುದು ಖಚಿತ. ಆಗ ಮೊದಲು ಶಾಖೆಯ ದಾಸ್ತಾನನ್ನು ನೋಡಬೇಕು. ಅಲ್ಲಿ ಆ ವಸ್ತುವಿನ ಬಾಕಿ ಋಣದಲ್ಲಿದ್ದರೆ, ಅಂದರೆ ಪುಸ್ತಕದಲ್ಲಿರುವುದಕ್ಕಿಂತ ಹೆಚ್ಚು ಮಾರಾಟವಾಗಿದ್ದರೆ, ಸರಕು ಬಂದು ದಾಖಲಾಗದೆ ಮಾರಾಟವೂ ಆಗಿಹೋಗಿದೆ ಎಂದರ್ಥ. ಇದಕ್ಕಿಂತ ಸ್ಪಷ್ಟ ಸೂಚನೆ ಬೇರೊಂದಿಲ್ಲ. ಅದಿಲ್ಲದಿದ್ದರೆ ಶಾಖೆಯ ನೆಲದ ಮೇಲೆ, ಬಳಿಕ ಕಳುಹಿಸಿದ ಗೋದಾಮಿನಲ್ಲಿ, ಬಳಿಕ ಅದೇ ಟೆಂಪೊ ನಿಂತ ಇನ್ನೊಂದು ಶಾಖೆಯಲ್ಲಿ ಹುಡುಕಬೇಕು. ಕುಂದಾಪುರದ ಪೆಟ್ಟಿಗೆ ಉಡುಪಿಯಲ್ಲಿ ಇಳಿದಿರುವುದು ಅಪರೂಪವೇನಲ್ಲ.

ಹುಡುಕುವ ತನಕ ಬಾಕಿಯನ್ನು ದಾರಿಯಲ್ಲೇ ಬಿಡಬೇಕು. ಶಾಖೆಯವರು ಸಿಕ್ಕಿದ 29ನ್ನು ಮಾತ್ರ ದಾಖಲಿಸಲಿ; 30 ಎಂದು ಒಪ್ಪಿಕೊಂಡು ಬಳಿಕ ಒಂದನ್ನು ಕಳೆಯುವುದು ಬೇಡ, ಮಂಗಳೂರಿನವರು ಹಳೆಯ ಚಲನ್ ತೆಗೆದು 30ನ್ನು 29 ಎಂದು ತಿದ್ದುವುದಂತೂ ಬೇಡವೇ ಬೇಡ. ತಿದ್ದಿದ ಚಲನ್‌ನಲ್ಲಿ ಏನಾಯಿತು ಎಂಬುದರ ಕುರುಹೇ ಉಳಿಯುವುದಿಲ್ಲ. ನಿಜವಾಗಿಯೂ ಕಳೆದುಹೋಗಿದೆ ಎಂದು ಖಾತ್ರಿಯಾದಾಗ ದಾರಿ-ಗೋದಾಮಿನಿಂದ ನಷ್ಟದ ಖಾತೆಗೆ ಬರೆಯಬೇಕು. ಆಗ ಸಿಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5)(ಎಚ್) ಪ್ರಕಾರ ಆ ಸರಕಿನ ಖರೀದಿಯ ಮೇಲೆ ಪಡೆದ ಇನ್‌ಪುಟ್ ತೆರಿಗೆಯನ್ನೂ ಹಿಂದಿರುಗಿಸಬೇಕಾಗುತ್ತದೆ. ಕಳವಾದ, ಹಾಳಾದ ಸರಕಿಗೂ ಇದೇ ನಿಯಮ. ಶಾಖೆಯ ಕೊರತೆಯನ್ನು ಸುಮ್ಮನೆ ‘ಎಣಿಕೆಯ ವ್ಯತ್ಯಾಸ’ದಲ್ಲಿ ಸೇರಿಸಿಬಿಟ್ಟರೆ ಈ ತೆರಿಗೆಯ ವಿಷಯ ಯಾರ ನೆನಪಿಗೂ ಬರುವುದಿಲ್ಲ.

ತಲಪಾಡಿ ದಾಟಿದರೆ

ಶಾಖೆ ಕಾಸರಗೋಡಿನಲ್ಲಿದ್ದರೆ ಅದು ಕೇರಳದ ಬೇರೆ ನೋಂದಣಿ. ಒಡೆಯರು ಒಬ್ಬರೇ ಆದರೂ ಜಿಎಸ್‌ಟಿಯ ದೃಷ್ಟಿಯಲ್ಲಿ ಇಬ್ಬರು ಬೇರೆ ವ್ಯಕ್ತಿಗಳು, ಆದ್ದರಿಂದ ಅಲ್ಲಿಗೆ ತೆರಿಗೆ ಇನ್‌ವಾಯ್ಸ್ ಮೇಲೆ ಐಜಿಎಸ್‌ಟಿ ಹಾಕಿಯೇ ಕಳುಹಿಸಬೇಕು. ಮಾರ್ಚ್ 31ರಂದು ಹೊರಟ ಸರಕು ಏಪ್ರಿಲ್‌ನಲ್ಲಿ ತಲುಪಿದರೆ, ಮಂಗಳೂರಿನ ತೆರಿಗೆ ಮಾರ್ಚ್ ತಿಂಗಳಿನದು. ಆದರೆ ಸರಕು ಕೈಸೇರಿದ ಮೇಲೆಯೇ ಇನ್‌ಪುಟ್ ತೆರಿಗೆ ಪಡೆಯಬಹುದಾದ ಕಾರಣ ಕಾಸರಗೋಡಿನವರಿಗೆ ಅದು ಏಪ್ರಿಲ್‌ಗೆ ಮೊದಲು ಸಿಗುವುದಿಲ್ಲ. ಇನ್ನೊಂದು ಸಂಗತಿ ಮೌಲ್ಯದ್ದು. ಇನ್‌ವಾಯ್ಸ್‌ನಲ್ಲಿ ಅಸಲಿಗಿಂತ ಹೆಚ್ಚಿನ ದರ ಹಾಕಿದ್ದರೆ, ವರ್ಷಾಂತ್ಯದ ಪಟ್ಟಿಗೆ ಆ ಸರಕು ಬರಬೇಕಾದದ್ದು ಇನ್‌ವಾಯ್ಸ್ ದರದಲ್ಲಲ್ಲ, ಅಸಲಿನಲ್ಲಿ. ನಮ್ಮದೇ ಶಾಖೆಗೆ ಕಳುಹಿಸಿ ನಾವೇ ಲಾಭ ಗಳಿಸಿದೆವೆಂದು ತೋರಿಸಲು ಬರುವುದಿಲ್ಲ.

ಏಪ್ರಿಲ್ ಮೊದಲ ವಾರ

ಪುಸ್ತಕಗಳು ಬೇರೆ ಬೇರೆಯಾಗಿರುವಲ್ಲಿ ಮಾರ್ಚ್ 31ರ ಸಾಗಣೆಯ ದಾಖಲೆಯನ್ನು ಏಪ್ರಿಲ್ 1ರಂದೇ ತಿರುಗಿಸಬೇಕು: ಕುಂದಾಪುರ ಶಾಖೆ ಖಾತೆಗೆ 43,500 ಡೆಬಿಟ್, ಸಾಗಣೆಯಲ್ಲಿರುವ ಸರಕು ಖಾತೆಗೆ ಕ್ರೆಡಿಟ್. ಅದೇ ದಿನ ಕುಂದಾಪುರದವರು 29 ಫ್ಯಾನುಗಳನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಾರೆ, ಎರಡು ಖಾತೆಗಳು ಮತ್ತೆ ಸಮನಾಗುತ್ತವೆ. ತಿರುಗಿಸಲು ಮರೆತರೆ ಅದೇ ಫ್ಯಾನುಗಳು ಕುಂದಾಪುರದ ದಾಸ್ತಾನಿನಲ್ಲೂ ಸಾಗಣೆಯ ಖಾತೆಯಲ್ಲೂ ಒಟ್ಟಿಗೆ ಕುಳಿತಿರುತ್ತವೆ. ಏಪ್ರಿಲ್ ಮೊದಲ ವಾರದ ಕೊನೆಗೆ ಸಾಗಣೆಯ ಖಾತೆಯನ್ನು ತೆರೆದು ನೋಡಿ. ಅಲ್ಲಿ ಇನ್ನೂ 43,500 ಕಾಣುತ್ತಿದ್ದರೆ ಕುಂದಾಪುರಕ್ಕೆ ಫೋನ್ ಮಾಡುವ ಮೊದಲು ಈ ತಿರುಗಿಸುವ ದಾಖಲೆ ಆಗಿದೆಯೇ ಎಂದು ನೋಡಬೇಕು.